ಆ ಫೋನ್ ಬರುವ ಮೊದಲೇ ಬರೆದಿಡಿ

ಮೇಡಂ, ನನಗೆ 38 ವರ್ಷ. ಬ್ಯಾಂಕಿಗೆ ಕ್ಲಾರ್ಕ್ ಆಗಿ ಸೇರಿ, ಪರೀಕ್ಷೆ ಬರೆದು ಆಫೀಸರ್ ಆದೆ. ಐದು ತಿಂಗಳ ಹಿಂದೆ ಹಾಸನ ಜಿಲ್ಲೆಯ ಒಂದು ಹೋಬಳಿ ಶಾಖೆಗೆ ಮ್ಯಾನೇಜರ್ ಆಗಿ ಬಂದಿದ್ದೇನೆ. ಆ ಕುರ್ಚಿಯಲ್ಲಿ ಕೂತಾಗಲೆಲ್ಲ ಬೇರೆಯವರ ಜಾಗದಲ್ಲಿ ಕೂತಂತೆ, ಇವತ್ತೋ ನಾಳೆಯೋ ಸಿಕ್ಕಿಬೀಳುತ್ತೇನೆ ಅನ್ನಿಸುತ್ತದೆ. ತಪ್ಪಾಗಬಾರದು ಅಂತ ಸಾಲದ ಟಿಪ್ಪಣಿಗಳನ್ನೆಲ್ಲ ನಾನೇ ಬರೆಯುತ್ತೇನೆ, ಫೀಲ್ಡ್ ಆಫೀಸರ್ ಸಹಿ ಮಾಡುತ್ತಾರೆ. ಮನೆಗೆ ಹೋಗುವಾಗ ರಾತ್ರಿ ಎಂಟೂವರೆ. ಹಿಂದಿನ ಮ್ಯಾನೇಜರ್ ಸರ್ ಒಳ್ಳೆಯವರು, ದಿನಾ ಫೋನ್ ಮಾಡಿ ದಾರಿ ತೋರಿಸುತ್ತಾರೆ. ಮೊನ್ನೆ ಎರಡು ಹಸುವಿಗೆ ಎರಡು ಲಕ್ಷ ಕೇಳಿದ ಅರ್ಜಿ ಬೇಡ ಅನ್ನಿಸಿತ್ತು: ಈಗಿರುವ ಎರಡು ಹಸು 20 ಲೀಟರ್ ಕೊಡುತ್ತವೆ ಅಂತ ಬರೆದಿದ್ದರು, ಡೇರಿ ಪಾಸ್‌ಬುಕ್‌ನಲ್ಲಿ ಏಳೇ ಇತ್ತು. ಸರ್ 'ಕೊಡಮ್ಮ, ಗೊತ್ತಿರೋ ಮನೆ' ಅಂದರು, ಕೊಟ್ಟೆ. ಬಡ್ತಿ ಬಿಟ್ಟು ಹಳೇ ಕೆಲಸಕ್ಕೆ ಹೋಗಿಬಿಡಲೇ?

– ಒಬ್ಬ ಓದುಗಿ

ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕುರ್ಚಿಯ ಮಾತು ನನ್ನನ್ನು ಅಷ್ಟು ಕಾಡಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವಳು ನಾನು, ಮೊದಲ ಶಾಖೆಯಲ್ಲಿ ನನಗೂ ಹಾಗೇ ಅನ್ನಿಸಿತ್ತು. ಕಾಡಿದ್ದು ಆ ಹಸುವಿನ ಸಾಲ. ಅದನ್ನು ನೀವು ದಾರಿಹೋಕರ ಸುದ್ದಿಯಂತೆ ಹೇಳಿ ಮುಂದೆ ಹೋಗಿದ್ದೀರಿ.

ಆ ಲೆಕ್ಕವನ್ನೇ ಮಾಡೋಣ ಬನ್ನಿ. ಎರಡು ಲಕ್ಷ, ಐದು ವರ್ಷ, ಹತ್ತು ಪರ್ಸೆಂಟ್ ಬಡ್ಡಿ ಅಂದರೆ ತಿಂಗಳ ಕಂತು ಹತ್ತಿರ ಹತ್ತಿರ 4,250 ರೂಪಾಯಿ. ಹೊಸ ಹಸುಗಳು ದಿನಕ್ಕೆ 20 ಲೀಟರ್ ಕೊಟ್ಟು, ಲೀಟರಿಗೆ 35 ಸಿಕ್ಕಿತು ಅಂದುಕೊಳ್ಳಿ; ತಿಂಗಳಿಗೆ 21,000. ಹಿಂಡಿ, ಮೇವು, ಔಷಧಿಗೆ ಮೂರರಲ್ಲಿ ಎರಡು ಪಾಲು ಹೋದರೂ 7,000 ಉಳಿಯುತ್ತದೆ, ಕಂತು ಕಟ್ಟಬಹುದು. ಅದೇ ಕೊಟ್ಟಿಗೆಯಲ್ಲಿ ಏಳೇ ಲೀಟರ್ ಆದರೆ ಬರುವುದು 7,350. ಅದು ಹಿಂಡಿಗೇ ಸಾಲದು. ಇನ್ನು ಹಸು ಬತ್ತಿದ ತಿಂಗಳುಗಳ ಮಾತು ಬೇರೆ. ಉಳಿದ ಹಾಲು ಹೋಟೆಲಿಗೋ ಅಕ್ಕಪಕ್ಕದ ಮನೆಗೋ ಹೋಗುತ್ತಿರಲೂಬಹುದು. ಹಾಗಿದ್ದರೆ ಸಾಲ ಸರಿಯೇ. ಆದರೆ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. 'ಗೊತ್ತಿರೋ ಮನೆ' ಎಂಬ ಎರಡು ಪದಕ್ಕೆ ಪಾಸ್‌ಬುಕ್ ಸೋತಿತು.

20ಕ್ಕೂ 7ಕ್ಕೂ ನಡುವಿನ ವ್ಯತ್ಯಾಸ ನೋಡಿದ್ದು ನೀವು. ಅದನ್ನು ನೋಡುವುದೇ ಮ್ಯಾನೇಜರ್ ಕೆಲಸ. ನಿಮಗೆ ಕೆಲಸ ಬರುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ನೋಡಿದ್ದನ್ನು ನುಂಗಿಕೊಂಡಿರಿ, ತೊಂದರೆ ಇರುವುದು ಅಲ್ಲಿ.

1978ರಲ್ಲಿ ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಎಂಬ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞೆಯರು, ಓದಿನಲ್ಲೂ ಕೆಲಸದಲ್ಲೂ ಗೆದ್ದ ಹೆಂಗಸರು ತಮ್ಮನ್ನು ತಾವು ನಕಲಿ ಅಂದುಕೊಳ್ಳುವುದರ ಬಗ್ಗೆ ಬರೆದರು. ಅವರು ಗಮನಿಸಿದ್ದರಲ್ಲಿ ಒಂದು ಸಂಗತಿ ನಿಮಗೆ ಬೇಕಾದದ್ದು. ಈ ಹೆಂಗಸರಲ್ಲಿ ಕೆಲವರು ತಮ್ಮ ನಿಜವಾದ ಅಭಿಪ್ರಾಯ ಬಚ್ಚಿಟ್ಟು, ದೊಡ್ಡವರಿಗೆ ಹಿಡಿಸುವ ಮಾತಿಗೆ ಹೂಂಗುಟ್ಟುತ್ತಿದ್ದರು. ಹಾಗೆ ಮಾಡಿದಾಗ ಸಿಗುವ ಹೊಗಳಿಕೆ ಒಳಗೆ ಇಳಿಯುವುದಿಲ್ಲ, ಏಕೆಂದರೆ ಹೊಗಳಿಸಿಕೊಂಡದ್ದು ತನ್ನ ಬುದ್ಧಿಯಲ್ಲ ಎಂದು ಅವಳಿಗೆ ಗೊತ್ತು. ಆ ಸಾಲ ನಾಳೆ ಸಲೀಸಾಗಿ ತೀರಿದರೂ ನಿಮಗೆ ಸಮಾಧಾನವಾಗದು. ಅದು ಸರ್ ಮಾತು. ಕೆಟ್ಟರೆ ಮಾತ್ರ ನಿಮ್ಮದು. ಕಾಗದದ ಮೇಲಿರುವುದು ನಿಮ್ಮ ಸಹಿ, ಫೋನಿನಲ್ಲಿ ಹೇಳಿದ್ದಕ್ಕೆ ಸಹಿ ಇಲ್ಲ.

ಆ ಒಳ್ಳೆಯ ಸರ್ ಮೇಲೆ ನನಗೆ ಕೋಪವಿದೆ. ಚಾರ್ಜ್ ಕೊಟ್ಟ ಮೇಲೆ ಒಂದು ವಾರ, ಹೆಚ್ಚೆಂದರೆ ಎರಡು ವಾರ. ಲಾಕರಿನ ಹಳೇ ತಕರಾರು, ಯಾವ ಊರಿನ ಯಾವ ಸಾಲ ಎಲ್ಲಿ ನಿಂತಿದೆ ಇಂಥದ್ದು ತಿಳಿಸಬೇಕು, ಆಮೇಲೆ ಬಾಯಿ ಮುಚ್ಚಿಕೊಳ್ಳಬೇಕು. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ. ನಾನು ಚಾರ್ಜ್ ತೆಗೆದುಕೊಂಡ ಶಾಖೆಯಲ್ಲೂ ಹಿಂದಿನವರು ವಾರಕ್ಕೆರಡು ಸಲ ಬಂದು ನನ್ನ ಎದುರು ಕೂರುತ್ತಿದ್ದರು. ಗಿರಾಕಿಗಳು ಅವರ ಕಡೆ ತಿರುಗಿಯೇ ಮಾತಾಡುತ್ತಿದ್ದರು. ನಾನು ಆರು ತಿಂಗಳು ಸಹಿಸಿದೆ, ಅದು ನನ್ನ ತಪ್ಪು. ಐದು ತಿಂಗಳಾದರೂ ದಿನಾ ಫೋನ್ ಮಾಡುವವರು ಶಾಖೆಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ನಿಮಗೆ ಹೀಗನ್ನಿಸಲು ಇನ್ನೊಂದು ಕಾರಣವೂ ಇದೆ. ಕೌಂಟರಿನಲ್ಲಿದ್ದಾಗ ಸಂಜೆ ಕ್ಯಾಶ್ ತಾಳೆಯಾಯಿತೋ ಇಲ್ಲವೋ ಅಂದೇ ಗೊತ್ತಾಗುತ್ತಿತ್ತು. ತಾಳೆಯಾದರೆ ನಿಶ್ಚಿಂತೆಯಿಂದ ಮನೆಗೆ. ಈಗ ಕೊಟ್ಟ ಸಾಲ ಸರಿಯೋ ತಪ್ಪೋ ತಿಳಿಯಲು ತಿಂಗಳುಗಟ್ಟಲೆ ಬೇಕು. ಮೊದಲು ಕಂತಿಗೆ ಬಿಡುವು, ಆಮೇಲೆ ಕಂತು ಶುರು. ಬಾಕಿ ಬಿದ್ದು 90 ದಿನ ದಾಟಿದ ಮೇಲೆ ಆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅಷ್ಟು ದಿನ ತಾಳೆ ನೋಡಲು ಏನೂ ಇಲ್ಲದಾಗ ಮನಸ್ಸು ತಾಳೆಯಾಗುವ ಹಳೇ ಕೆಲಸಕ್ಕೆ ಓಡುತ್ತದೆ. ರಾತ್ರಿ ಎಂಟೂವರೆವರೆಗೆ ನೀವು ಟಿಪ್ಪಣಿ ಬರೆಯುವುದು ಅದಕ್ಕೇ. ಆದರೆ ಟಿಪ್ಪಣಿಯೂ ನಿಮ್ಮದೇ, ಮಂಜೂರಾತಿಯೂ ನಿಮ್ಮದೇ ಆದರೆ ಎರಡು ಸಹಿ ಇದ್ದೂ ನೋಡಿದ ಕಣ್ಣು ಒಂದೇ ಜೊತೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರಿಶೀಲಿಸಲಿ ಅಂತಲೇ ಬ್ಯಾಂಕು ಆ ಏರ್ಪಾಡು ಮಾಡಿರುವುದು. ತಪ್ಪು ತಡೆಯಲು ಹೋಗಿ ತಪ್ಪು ಹಿಡಿಯುವ ಜಾಗವನ್ನೇ ನೀವು ಮುಚ್ಚಿದ್ದೀರಿ. ಆ ಫೀಲ್ಡ್ ಆಫೀಸರ್ ಬಗ್ಗೆಯೂ ನನಗೆ ಮರುಕ. ತಾನು ನೋಡದ ಕೊಟ್ಟಿಗೆಯ ಬಗ್ಗೆ, ತಾನು ಬರೆಯದ ಕಾಗದಕ್ಕೆ ಸಹಿ ಹಾಕುತ್ತಾ ಅವರು ಏನು ಕಲಿಯುತ್ತಾರೆ?

ಬಡ್ತಿ ಬಿಡಬೇಡಿ. ನನ್ನದು ಒಂದೇ ಮಾತು: ನೂರು ಹಾಳೆಯ ಒಂದು ನೋಟ್‌ಬುಕ್ ತನ್ನಿ. ಯಾವ ಅರ್ಜಿಯೇ ಬರಲಿ, ಯಾರನ್ನೂ ಕೇಳುವ ಮುಂಚೆ ಅದರಲ್ಲಿ ನಾಲ್ಕು ಸಾಲು ಬರೆಯಿರಿ. ತಾರೀಕು, ಮೊತ್ತ; ಕೊಡುತ್ತೇನೋ ಇಲ್ಲವೋ; ಏಕೆ; ಯಾವುದು ಕೈಕೊಡಬಹುದು ಮತ್ತು ಅದನ್ನು ಯಾವ ತಾರೀಕಿಗೆ ಹೋಗಿ ನೋಡುತ್ತೇನೆ. ಗಿರಾಕಿಯ ಹೆಸರು, ಖಾತೆ ನಂಬರ್ ಬೇಡ, ನಿಮಗೆ ಗುರುತು ಸಿಕ್ಕಿದರೆ ಸಾಕು. ಆಮೇಲೆ ಬೇಕಾದರೆ ರೀಜನಲ್ ಆಫೀಸಿನವರನ್ನು ಕೇಳಿ, ಅನುಭವಸ್ಥರನ್ನು ಕೇಳಿ, ಕೇಳುವುದು ತಪ್ಪಲ್ಲ. ಅವರ ಮಾತು ಕೇಳಿ ಮನಸ್ಸು ಬದಲಾದರೆ ಕೆಳಗೆ ಅದನ್ನೂ, ಕಾರಣವನ್ನೂ ಬರೆಯಿರಿ. ಕಾರಣ ಬರೆಯಲು ಆಗದಿದ್ದರೆ ಬದಲಾಯಿಸಬೇಡಿ. ಆ ತಾರೀಕು ಬಂದಾಗ ಹಾಳೆ ತಿರುಗಿಸಿ ನೋಡಿ. ಸಂಜೆಯ ತಾಳೆಗೆ ಬದಲು ನಿಮಗೆ ಸಿಗುವ ತಾಳೆ ಅದು. ಕೆಲವು ಸಲ ನೀವು ತಪ್ಪಿರುತ್ತೀರಿ, ಎಲ್ಲಿ ತಪ್ಪಿದಿರಿ ಅಂತಲೂ ಅಲ್ಲೇ ಕಾಣುತ್ತದೆ.

ಸರ್ ಫೋನ್ ಬಂದರೆ 'ಬರೆದು ಮುಗಿಸಿದ್ದೇನೆ ಸರ್' ಅನ್ನಿ, ಅಷ್ಟು ಸಾಕು.

ಮೊದಲ ಹಾಳೆ ಆ ಹಸುವಿನ ಸಾಲಕ್ಕೇ ಇರಲಿ. ಈ ವಾರ ಒಂದು ದಿನ ಹಾಲು ಕರೆಯುವ ಹೊತ್ತಿಗೆ ಆ ಮನೆಗೆ ಹೋಗಿ. ಹೊಸ ಹಸು ಬಂದಿವೆಯೇ, ಕಿವಿಯಲ್ಲಿ ವಿಮೆಯ ಟ್ಯಾಗ್ ಇದೆಯೇ, ಪಾತ್ರೆಯಲ್ಲಿ ಎಷ್ಟು ಹಾಲು, ಡೇರಿಗೆ ಹೋಗದ ಹಾಲು ಎಲ್ಲಿಗೆ ಹೋಗುತ್ತದೆ, ಎಲ್ಲ ನೋಡಿ, ಕೇಳಿ. ಫೀಲ್ಡ್ ಆಫೀಸರನ್ನೂ ಕರೆದುಕೊಂಡು ಹೋಗಿ. ವರದಿ ಅವರೇ ಬರೆಯಲಿ, ನೀವು ಓದಿ ಸಹಿ ಮಾಡಿ.