ಅಡಿಕೆ ಮನೆಯ ಆಸ್ತಿ-ಸಾಲದ ಪಟ್ಟಿ: ಜೂನ್ ಲೆಕ್ಕ ತಪ್ಪುವುದು ಇಲ್ಲೇ

ನಮ್ಮ ಗುಂಪಿನಲ್ಲಿ ಒಬ್ಬರು ಹೀಗೆ ಕೇಳಿದ್ದಾರೆ: «ಮಾರ್ಚ್ ಕೊನೆಗೆ ನಮ್ಮ ನಿವ್ವಳ ಆಸ್ತಿ 92 ಲಕ್ಷ ಇತ್ತು, ಜೂನ್ ಕೊನೆಗೆ 1 ಕೋಟಿ 6 ಲಕ್ಷ ಬಂತು. ಸಾಲ ಮಾಡಿ ಕಾರು ತಗೊಂಡರೆ ತಡೆಯುತ್ತಾ? ಎರಡೂ ಪಟ್ಟಿ ಹಾಕಿದ್ದೇನೆ, ನೋಡಿ ಹೇಳಿ. ಮಂಡಿಯಿಂದ ಮೇ ತಿಂಗಳಲ್ಲಿ ತಂದ 1 ಲಕ್ಷ ಮುಂಗಡ ಬರೆದಿಲ್ಲ, ಅಡಿಕೆ ಬಿಟ್ಟಾಗ ಅವರೇ ಮುರಿದುಕೊಳ್ತಾರೆ.»

ಮಾರಾಯ್ರೇ, ಕಾರಿನ ಮಾತು ಆಮೇಲೆ. ಮೊದಲು ತೋಟದ ಸಾಲು ನೋಡಿ. ಮಾರ್ಚಲ್ಲಿ ಎರಡು ಎಕರೆಗೆ 80 ಲಕ್ಷ ಬರೆದವರು ಜೂನಲ್ಲಿ 90 ಮಾಡಿದ್ದೀರಿ. ಕಾರಣ ಕೆಳಗೆ ನೀವೇ ಬರೆದಿದ್ದೀರಿ, ಪಕ್ಕದವರ ತೋಟ ಎಕರೆಗೆ 45ರ ಹಾಗೆ ಹೋಯಿತಂತೆ. ಅವರದ್ದು ಟಾರ್ ರಸ್ತೆ ಪಕ್ಕದ್ದೋ, ಎಲೆಚುಕ್ಕೆ ಬಿದ್ದಿದೆಯೋ ಇಲ್ಲವೋ, ಬರೆದ ರೇಟು ಎಷ್ಟು, ಕೈಗೆ ಬಂದದ್ದು ಎಷ್ಟು, ಯಾವುದೂ ನಮಗೆ ಗೊತ್ತಿಲ್ಲ. ನಮ್ಮ ಮನೆಯಲ್ಲೂ ಕೆಲವು ವರ್ಷ ಹೀಗೇ ಬರೆದೆವು. ಪಟ್ಟಿ ಏರುತ್ತಲೇ ಹೋಯಿತು, ಸೊಸೈಟಿ ಸಾಲ ಮಾತ್ರ ಇದ್ದಲ್ಲೇ ಇತ್ತು. ಆಮೇಲಿಂದ ನಾನು ಜಮೀನಿಗೆ ಒಂದು ಬೆಲೆ ಹಿಡಿದು ಐದು ವರ್ಷ ಮುಟ್ಟುವುದಿಲ್ಲ. ಹೊಸದಾಗಿ ಕೊಂಡರೆ, ಮಾರಿದರೆ, ಪಾಲಾದರೆ ಮಾತ್ರ ತಿದ್ದುತ್ತೇನೆ. ಬೆಲೆ ಸರಿಯಾಗಿಯೇ ಇರಬೇಕೆಂದಿಲ್ಲ, ಅಲುಗಾಡದೆ ಇದ್ದರೆ ಸಾಕು.

ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಒಟ್ಟಿಗೆ ಇದ್ದರೆ ನಿಮ್ಮ ಪಾಲಿನದ್ದಷ್ಟೇ ಬರೆಯಿರಿ. ಬಗರ್‌ಹುಕುಂ ಅರ್ಜಿ ಹಾಕಿ ಕೂತ ಜಾಗ, ಸೊಪ್ಪಿನ ಬೆಟ್ಟ ಇವನ್ನು ಪಟ್ಟಿಗೆ ಹಾಕಲೇಬೇಡಿ. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು-ದರಗಿನ ಹಕ್ಕು, ಅದನ್ನು ಮಾರಲು ಬರುವುದಿಲ್ಲ.

ಎರಡನೇದು, ಜೂನ್ ಪಟ್ಟಿಯಲ್ಲಿ ಹೊಸದಾಗಿ «ಮರದ ಮೇಲಿನ ಫಸಲು 6 ಲಕ್ಷ» ಬಂದಿದೆ. ಜೂನಲ್ಲಿ ಇನ್ನೂ ಮಳೆ ಹಿಡಿಯುವುದಷ್ಟೇ. ಜುಲೈ-ಆಗಸ್ಟಿನ ಮಳೆಗೆ ಮೊದಲ ಔಷಧಿ ತಡವಾದರೆ ಕೊಳೆ ಎಷ್ಟು ಉದುರಿಸುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕೊಯ್ಲು, ಸುಲಿತ, ಬೇಯಿಸುವುದು ಎಲ್ಲದರ ಖರ್ಚೂ ಮುಂದೆಯೇ ಇದೆ. ಮೇಲಿನ ಕಾಮೆಂಟಿನಲ್ಲಿ ತೀರ್ಥಹಳ್ಳಿಯ ಮೇಷ್ಟ್ರು, ಚೇಣಿಗೆ ಕೊಡುವವರು ಗೊನೆ ನೋಡಿಯೇ ಬೆಲೆ ಕಟ್ಟುತ್ತಾರಲ್ಲ, ಹಾಗಾದರೆ ಅದಕ್ಕೆ ಬೆಲೆ ಇಲ್ಲ ಅನ್ನುವುದು ಹೇಗೆ ಅಂತ ಕೇಳಿದ್ದಾರೆ. ಅವರ ಮಾತಲ್ಲಿ ತೂಕ ಇದೆ. ಚೇಣಿ ಮಾತಾಗಿ ಹಣ ಕೈಗೆ ಬಂದಿದ್ದರೆ ಅದು ಬ್ಯಾಂಕಿನ ಹಣದ ಸಾಲಿನಲ್ಲಿ ಬರಲಿ. ಚೇಣಿ ಕೊಡದವರು ಮರದ ಮೇಲಿನದ್ದನ್ನು ಬರೆಯಬಾರದು ಅನ್ನುವುದು ನನ್ನ ಹಟ. ಮೇಷ್ಟ್ರು ಒಪ್ಪಲಿಕ್ಕಿಲ್ಲ. ಬರೆಯಲೇಬೇಕೆಂದರೆ ಪ್ರತಿ ವರ್ಷ ಜೂನಲ್ಲೂ ಬರೆಯಿರಿ, ಒಂದು ಸಲ ಹಾಕಿ ಒಂದು ಸಲ ಬಿಡಬೇಡಿ.

ಈಗ ಗೋದಾಮಿನ ಅಡಿಕೆ. ಇದೇ ನಮ್ಮ ಪಟ್ಟಿಯ ಜೀವ, ಇದನ್ನೇ ನೀವು ಒಂದೇ ಅಂಕಿಯಲ್ಲಿ ಮುಗಿಸಿದ್ದೀರಿ. ಮಾರ್ಚಲ್ಲಿ 9 ಲಕ್ಷ, ಜೂನಲ್ಲಿ 7. ನೋಡಿದರೆ 2 ಲಕ್ಷ ಇಳಿದ ಹಾಗೆ ಕಾಣುತ್ತದೆ. ತೂಕ ಒಂದು ಕಡೆ, ದರ ಒಂದು ಕಡೆ ಬರೆದರೆ ಬೇರೆಯೇ ಕಾಣುತ್ತದೆ. ಮಾರ್ಚಲ್ಲಿ 20 ಕ್ವಿಂಟಾಲ್, ದರ 45,000. ಜೂನಲ್ಲಿ 14 ಕ್ವಿಂಟಾಲ್, ದರ 50,000. ಹೋದದ್ದು 6 ಕ್ವಿಂಟಾಲ್, ಮಾರ್ಚ್ ದರದಲ್ಲಿ 2 ಲಕ್ಷ 70 ಸಾವಿರ. ಉಳಿದ 14 ಕ್ವಿಂಟಾಲಿಗೆ ದರ 5 ಸಾವಿರ ಏರಿದ್ದರಿಂದ 70 ಸಾವಿರ ಸೇರಿತು. ಆ 70 ಸಾವಿರ ನೀವು ದುಡಿದದ್ದಲ್ಲ, ಮುಂದಿನ ವಾರ ದರ ಬಿದ್ದರೆ ಅದೂ ಹೋಯಿತು. 6 ಕ್ವಿಂಟಾಲ್ ಮಾರಿದ ಹಣವಾದರೂ ಬ್ಯಾಂಕಿಗೆ ಸೇರಿತೇ ಅಂದರೆ ಅಲ್ಲಿ ಆಗಲೂ 1 ಲಕ್ಷ, ಈಗಲೂ 1 ಲಕ್ಷ. ಅಂದರೆ ಅಡಿಕೆಯ ಹಣ, ಮಂಡಿಯ ಮುಂಗಡ ಎರಡೂ ಕರಗಿವೆ.

ದರ ಹಾಕುವಾಗ ಪೇಪರಿನಲ್ಲಿ ಬರುವ ಗರಿಷ್ಠ ದರ ನೋಡಿ ಹಿಗ್ಗಬೇಡಿ. ಆ ದಿನ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದನ್ನೇ ಹಿಡಿಯಿರಿ. ರಾಶಿ, ಬೆಟ್ಟೆ, ಗೊರಬಲು ಬೇರೆ ಬೇರೆ ಸಾಲಲ್ಲಿ ಇರಲಿ. ಗೊರಬಲಿನ ಚೀಲಕ್ಕೂ ರಾಶಿ ದರ ಹಾಕಿದ ಪಟ್ಟಿ ಈ ಗುಂಪಿನಲ್ಲೇ ಬೇಕಾದಷ್ಟು ನೋಡಿದ್ದೇನೆ. ಚೀಲ ಎಣಿಸಿದರೆ ಸಾಲದು, ಒಂದೆರಡನ್ನು ಬಿಚ್ಚಿ ತೂಗಿ. ಇಟ್ಟಲ್ಲೇ ಒಣಗಿ ತೂಕ ಇಳಿದಿರುತ್ತದೆ, ಹುಳ ಬಿದ್ದಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಮುಂಗಡವನ್ನು ಅಡಿಕೆ ಬಿಟ್ಟಾಗ ಮುರಿದುಕೊಳ್ಳುತ್ತಾರೆ ನಿಜ. ಆದರೆ ಆ ಅಡಿಕೆಯನ್ನು ಪೂರ್ತಿ ನಿಮ್ಮದೆಂದು ಮೇಲೆ ಬರೆದುಕೊಂಡಿದ್ದೀರಲ್ಲ! ಮೇಲೆ ಪೂರ್ತಿ ಬರೆದ ಮೇಲೆ ಕೆಳಗೆ ಸಾಲದ ಕಡೆ 1 ಲಕ್ಷ ಬರಲೇಬೇಕು. ಬಂಗಾರದ ಸಾಲ 3 ಲಕ್ಷ ಆಗಲೂ 3, ಈಗಲೂ 3 ಅಂತಿದೆ. ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಅಂದಿದ್ದೀರಿ, ಮೂರು ತಿಂಗಳಿಗೆ 9,000 ಸೇರಿಸಿ. ಕೌಂಟರಿನಲ್ಲಿ «ಇವತ್ತು ಬಿಡಿಸಿಕೊಂಡರೆ ಎಷ್ಟು» ಅಂತ ಕೇಳಿ, ಅವರು ಹೇಳಿದ್ದನ್ನೇ ಬರೆದರೆ ತಕರಾರೇ ಇಲ್ಲ.

ಹೊಸನಗರದ ಅಣ್ಣ, ಅಡ ಇಟ್ಟ ಬಂಗಾರವನ್ನು ಆಸ್ತಿಯಿಂದ ತೆಗೆಯಿರಿ ಅಂದಿದ್ದಾರೆ. ಅದು ಕೈಯಲ್ಲಿಲ್ಲ ಅನ್ನುವಷ್ಟು ಸರಿ. ಆದರೆ 8 ಲಕ್ಷದ ಬಂಗಾರ ತೆಗೆದು 3 ಲಕ್ಷದ ಸಾಲ ಇಟ್ಟುಕೊಂಡರೆ ಮನೆಗೆ ಅನ್ಯಾಯ. ಎರಡೂ ಇರಲಿ, ಬಂಗಾರದ ಮುಂದೆ «ಅಡ» ಅಂತ ಗುರುತು ಹಾಕಿ. ಬೆಲೆಯನ್ನು ಅಡದ ಚೀಟಿಯಲ್ಲಿರುವ ನಿವ್ವಳ ತೂಕದ ಮೇಲೆ ಕಟ್ಟಿ. ಕಲ್ಲು, ಅರಗು, ಮಜೂರಿ ಯಾರೂ ವಾಪಸ್ ಕೊಡುವುದಿಲ್ಲ.

ಎಲ್ಲ ಸರಿಮಾಡಿದರೆ ನಿಮ್ಮ ಜೂನ್ ಲೆಕ್ಕ ಹೀಗಾಗುತ್ತದೆ. ತೋಟ 80 ಲಕ್ಷವೇ, ಮರದ ಮೇಲಿನದ್ದು ಇಲ್ಲ, ಅಡಿಕೆ 7, ಬ್ಯಾಂಕು 1, ಬಂಗಾರ 8, ಒಟ್ಟು 96 ಲಕ್ಷ. ಸಾಲ ಸೊಸೈಟಿಯದು 3, ಬಂಗಾರದ್ದು ಬಡ್ಡಿ ಸೇರಿ 3 ಲಕ್ಷ 9 ಸಾವಿರ, ಮಂಡಿಯದು 1. ನಿವ್ವಳ 88 ಲಕ್ಷ 91 ಸಾವಿರ. 14 ಲಕ್ಷ ಏರಿಲ್ಲ, 3 ಲಕ್ಷ 9 ಸಾವಿರ ಇಳಿದಿದೆ. ತೋಟ ಬಿಟ್ಟು ನೋಡಿದರೆ ಮಾರ್ಚಲ್ಲಿ 12 ಲಕ್ಷ ಇದ್ದದ್ದು ಈಗ 9ರ ಒಳಗೆ ಬಂದಿದೆ.

ಇದಕ್ಕೆ ಹೆದರಬೇಕಾಗಿಲ್ಲ. ಏಪ್ರಿಲಿಂದ ಜೂನ್ ನಮಗೆ ಖರ್ಚಿನ ಕಾಲ. ಮಕ್ಕಳ ಫೀಸು, ಮೈಲುತುತ್ತು-ಸುಣ್ಣ, ಗೊಬ್ಬರ, ಆಳಿನ ಸಂಬಳ ಎಲ್ಲ ಆಗಲೇ ಬೀಳುತ್ತದೆ. ಸಂಬಳದವರ ಹಾಗೆ ಜೂನನ್ನು ಮಾರ್ಚಿಗೆ ಹೋಲಿಸಿದರೆ ಪ್ರತಿ ವರ್ಷ ಗಾಬರಿಯೇ. ಮೂರು ತಿಂಗಳಿಗೊಮ್ಮೆ ತಪ್ಪದೆ ಬರೆಯಿರಿ, ಆದರೆ ಜೂನನ್ನು ಹಿಂದಿನ ಜೂನಿಗೆ, ಡಿಸೆಂಬರನ್ನು ಹಿಂದಿನ ಡಿಸೆಂಬರಿಗೆ ಹಿಡಿದು ನೋಡಿ. ಮಾರ್ಚ್ ಕೊನೆಯ ವಾರ ಒಂದು ಎಚ್ಚರ ಬೇಕು. ಸೊಸೈಟಿ ಸಾಲ ಕಟ್ಟಿ ಮತ್ತೆ ಎತ್ತುವ ನಡುವೆ ಅದು ಸೊನ್ನೆ ಕಾಣುತ್ತದೆ. ಕಟ್ಟಲಿಕ್ಕೆ ಯಾರಿಂದಲೋ ತಂದ ಕೈಗಡ ಪಟ್ಟಿಗೆ ಬಂದೇ ಇರುವುದಿಲ್ಲ.

ಕೊಪ್ಪದ ಅಕ್ಕ ಕೇಳಿದ್ದು ತೆರಿಗೆಯವರಿಗೆ ಇದನ್ನು ತೋರಿಸಬೇಕಾ ಅಂತ. ಅಲ್ಲಕ್ಕಾ, ಇಲ್ಲಿ ಮಾತಾಡುತ್ತಿರುವುದು ಮನೆಯಲ್ಲೇ ಇಟ್ಟುಕೊಳ್ಳುವ ಪಟ್ಟಿ. ರಿಟರ್ನ್ ವಿಷಯ ನಿಮ್ಮ ಆಡಿಟರ್ ಹತ್ತಿರ ಕೇಳಿ.

ಬರೆಯಲು ಆ್ಯಪ್ ಯಾವುದು ಒಳ್ಳೆಯದು ಅನ್ನುವವರಿಗೆ, ಬ್ಯಾಂಕಿಗೆ ತಾನೇ ಜೋಡಿಸಿಕೊಳ್ಳುವ ಆ್ಯಪ್‌ಗಳು ನಮಗಲ್ಲ. ಗೋದಾಮಿನ ಚೀಲ, ಮಂಡಿ ಖಾತೆ ಅದಕ್ಕೆಲ್ಲಿ ಕಾಣಬೇಕು? ಗೂಗಲ್ ಶೀಟ್ ಸಾಕು, ಅದಕ್ಕಿಂತ ಉದ್ದ ಲೆಡ್ಜರ್ ಇನ್ನೂ ವಾಸಿ, ಮನೆಯವರೆಲ್ಲ ತೆಗೆದು ನೋಡಬಹುದು. ಎಲ್‌ಐಸಿ ಪಾಲಿಸಿಗೆ ವಿಮಾ ಮೊತ್ತ ಬರೆಯಬೇಡಿ, ಇವತ್ತು ಸರೆಂಡರ್ ಮಾಡಿದರೆ ಬರುವಷ್ಟೇ ಬರೆಯಿರಿ. ಆಳುಗಳಿಗೆ ಕೊಟ್ಟ ಮುಂಗಡ ಬೇರೆ ಸಾಲಿನಲ್ಲಿ ಇರಲಿ, ವರ್ಷ ದಾಟಿದ್ದಕ್ಕೆ ಸೊನ್ನೆ ಹಾಕಿ.

ಕಾರಿಗೆ ಈ ಜೂನ್ ಅಂಕಿ ನಂಬಿ ಕೈ ಹಾಕಬೇಡಿ. ಕೊಯ್ಲು ಮುಗಿದು, ಮುಂಗಡ ಮುರಿದು, ಬಂಗಾರ ಬಿಡಿಸಿದ ಮೇಲೆ ಬರುವ ಮಾರ್ಚಲ್ಲಿ ತೋಟ ಬಿಟ್ಟ ಮೊತ್ತ ಈ ಮಾರ್ಚಿನ 12 ಲಕ್ಷ ದಾಟಿದೆಯಾ ನೋಡಿ. ತಗೊಂಡರೆ ಸಾಲ ಪೂರ್ತಿ ಕೆಳಗೆ ಬರೆಯಿರಿ, ಕಾರಿಗೆ ಆ ದಿನ ಮಾರಿದರೆ ಬರುವ ಬೆಲೆ ಮಾತ್ರ ಮೇಲೆ ಬರೆಯಿರಿ. ಹಿಂದಿನ ವರ್ಷದ ಜೂನ್ ಪಟ್ಟಿ ಇದ್ದರೆ ಅದನ್ನೂ ಇಲ್ಲಿ ಹಾಕಿ, ಚೀಲದ ತೂಕ ಸಮೇತ.