ಅಂಗಡಿ ಫಲಕದಲ್ಲಿ ಕನ್ನಡ, ಇಂಗ್ಲಿಷ್ ಅಕ್ಷರಗಳ ಅಳತೆ

ಪ್ರಶ್ನೆ: ಅಂಗಡಿ ಬೋರ್ಡ್ 10 ಅಡಿ ಅಗಲ, 3 ಅಡಿ ಎತ್ತರವಿದೆ. ರಸ್ತೆಯ ಆಚೆ, ಸುಮಾರು 60 ಅಡಿ ದೂರದಿಂದ ಎರಡೂ ಭಾಷೆ ಓದಲು ಅಕ್ಷರ ಎಷ್ಟು ದೊಡ್ಡದಿರಬೇಕು?

ಉತ್ತರ: ಪ್ರತಿ 10 ಅಡಿ ದೂರಕ್ಕೆ ಒಂದು ಇಂಚು ಎಂಬುದು ರೂಢಿಯ ಲೆಕ್ಕ. ಹಾಗಾಗಿ ಇಂಗ್ಲಿಷ್ ದೊಡ್ಡಕ್ಷರಗಳಿಗೆ 6 ಇಂಚು ಸಾಕು. ಕನ್ನಡಕ್ಕೆ ಇಷ್ಟು ಸಾಲದು. ನಮ್ಮ ಅಕ್ಷರಗಳನ್ನು ಗುರುತಿಸುವುದು ಒಳಗಿನ ಸಣ್ಣ ಗೆರೆಗಳಿಂದ. ‘ಪ’ಕ್ಕೂ ‘ಷ’ಕ್ಕೂ ಇರುವ ವ್ಯತ್ಯಾಸ ನೋಡಿ. ನಾನು 8 ಇಂಚು ಇಡುತ್ತೇನೆ.

ಆ 8 ಇಂಚು ಒತ್ತು, ಗುಣಿತ ಬಿಟ್ಟು ‘ರ’ದಂತಹ ಬರಿಯ ಅಕ್ಷರದ ಎತ್ತರವಾಗಿರಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ: ಕಂಪ್ಯೂಟರಿನಲ್ಲಿ ಎರಡಕ್ಕೂ ಒಂದೇ ಫಾಂಟ್ ಅಳತೆ ಕೊಟ್ಟರೆ ಸಾಮಾನ್ಯವಾಗಿ ಕನ್ನಡ ಚಿಕ್ಕದಾಗಿ ಕಾಣುತ್ತದೆ. ‘ಲಕ್ಷ್ಮೀ ಸ್ಟೋರ್ಸ್’ ಎಂದು ಬರೆಸುವುದಾದರೆ ಗುಣಿತಕ್ಕೆ ಮೇಲೆ 2, ಒತ್ತುಗಳಿಗೆ ಕೆಳಗೆ 6 ಇಂಚು ಬೇಕಾದೀತು, ಒಟ್ಟು 16. ಮೇಲಿನ 22 ಇಂಚು ಕನ್ನಡಕ್ಕೆ, ಕೆಳಗಿನ 14 ಇಂಗ್ಲಿಷಿಗೆ ಬಿಡಿ. ಕರ್ನಾಟಕದಲ್ಲಿ ಫಲಕದ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬ ನಿಯಮಕ್ಕೂ ಇದು ಹೊಂದುತ್ತದೆ.

ಬರೆಸುವ ಮೊದಲು ಹತ್ತನೇ ಒಂದರಷ್ಟು ಅಳತೆಯಲ್ಲಿ ಮುದ್ರಿಸಿ, 6 ಅಡಿ ದೂರದಿಂದ ಓದಿ. ಒತ್ತಕ್ಷರ ಮಸಿಯ ಚುಕ್ಕೆಯಂತೆ ಕಂಡರೆ ಗೆರೆಯನ್ನು ತೆಳುವಾಗಿಸಿ. ಒಳಗೆ ದೀಪವಿರುವ ಫಲಕವಾದರೆ ಇನ್ನೂ ತೆಳುವಿರಲಿ. ರಾತ್ರಿ ಬೆಳಕು ಹರಡಿ ಗೆರೆಗಳು ದಪ್ಪವಾಗುತ್ತವೆ.