ಪಂಡಿತರ ಬರಹದಿಂದ ಮ್ಯೂಸಿಯಂ ಫಲಕ

ಪ್ರಶ್ನೆ: ತಜ್ಞರು ಕೊಟ್ಟ ಕಷ್ಟದ ಬರಹವನ್ನು ಜನ ಓದುವಂಥ ಚಿಕ್ಕ ಫಲಕವಾಗಿ ಮಾಡೋದು ಹೇಗೆ?

ಉತ್ತರ: ಬರಹ ಪಕ್ಕಕ್ಕಿಟ್ಟು, ಮೊದಲು ವಸ್ತುವಿನ ಮುಂದೆ ನಿಲ್ಲಿ. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಏನು? ಅಲ್ಲಿಂದಲೇ ಶುರು ಮಾಡಿ.

ತಜ್ಞರು ಹೀಗೆ ಬರೆದಿದ್ದಾರೆ ಅನ್ನಿ: "ವಿಲೋಮ ದಹನ ವಿಧಾನದಿಂದ ದ್ವಿವರ್ಣ ಮೇಲ್ಮೈ ಪಡೆದ ಮೃತ್ಪಾತ್ರೆ; ಬಹುಶಃ ಶವಸಂಸ್ಕಾರ ಸಂಬಂಧಿತ."

ನಾನಾದರೆ ಹೀಗೆ ಬರೆಯುತ್ತೇನೆ: "ಒಳಗೆ ಕಪ್ಪು, ಹೊರಗೆ ಕೆಂಪು. ಇದು ಬಳಿದ ಬಣ್ಣವಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟರು. ಗಾಳಿ ತಾಗಿದ ಹೊರಮೈ ಕೆಂಪಾಯಿತು. ಗಾಳಿ ಸಿಗದ ಒಳಭಾಗ ಮತ್ತು ಬಾಯಿಯಂಚು ಕಪ್ಪಾದವು. ಬಹುಶಃ ಸತ್ತವರ ಜೊತೆ ಇದನ್ನು ಹೂಳುತ್ತಿದ್ದರು."

ಇಲ್ಲಿ ಪಾರಿಭಾಷಿಕ ಪದ ಹೋಯಿತು, ಆದರೆ ಅದು ಹೇಳುತ್ತಿದ್ದ ಕೆಲಸ ಉಳಿಯಿತು. 'ಬಹುಶಃ' ಕೂಡ ಉಳಿಯಲೇಬೇಕು. ಚಿಕ್ಕದು ಮಾಡುವಾಗ ಜಾಸ್ತಿ ಕಳೆದುಹೋಗುವುದು ಇಂಥ ಅನುಮಾನದ ಪದಗಳೇ. ಹಾಗಾದರೆ ಊಹೆಯೇ ಸತ್ಯ ಅನ್ನಿಸಿಬಿಡುತ್ತದೆ. ಅದಕ್ಕೇ ಕೊನೆಯ ಕರಡನ್ನು ತಜ್ಞರಿಗೆ ತೋರಿಸಿ. "ತಪ್ಪಿದೆಯಾ?" ಎಂದಷ್ಟೇ ಕೇಳಿ. "ಇನ್ನೇನು ಸೇರಿಸಲಿ?" ಅಂದರೆ ಫಲಕ ಮತ್ತೆ ಉದ್ದವಾಗುತ್ತದೆ.

ಆಮೇಲೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ವಸ್ತುವಿನ ಪಕ್ಕ ಅಂಟಿಸಿ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಓದುತ್ತಲೇ ಅವರ ಕಣ್ಣು ಮಡಕೆಯ ಒಳಗೆ ಇಣುಕಿದರೆ ಫಲಕ ಸರಿಯಾಗಿದೆ. ಫಲಕದಲ್ಲೇ ನಿಂತರೆ ಇನ್ನಷ್ಟು ಕತ್ತರಿಸಿ.